ಅಕೌಂಟ್ ಅಪ್ಪಂದೇ, ಆದ್ರೂ ಮಗಂಗೆ ಬ್ಲಾಕ್

ಮನೆಯಿಂದ ಆಚೆ ಇದ್ರೆ ನೆಟ್‌ಫ್ಲಿಕ್ಸ್ ಯಾಕೆ ಬ್ಲಾಕ್ ಆಗುತ್ತೆ ಅಂದ್ರೆ ತುಂಬಾ ಜನ 'ಜಿಪಿಎಸ್ ನೋಡ್ತಾರೆ' ಅಂತಾರೆ, ಹಂಗೇನಿಲ್ಲ. ನೋಡೋದು ಐಪಿ ಅಡ್ರೆಸ್ಸು, ಡಿವೈಸ್ ಐಡಿ, ಮತ್ತೆ ಆ ಅಕೌಂಟಲ್ಲಿ ಏನೇನ್ ನಡೀತಿದೆ ಅನ್ನೋದು, ಅಷ್ಟೇ. ಅಂದ್ರೆ ಅವ್ರ ಲೆಕ್ಕದಲ್ಲಿ 'ಮನೆ' ಅಂದ್ರೆ ಮನೇಲಿರೋ ಜನ ಅಲ್ಲ, ಮನೆ ಟಿವಿ ಯಾವ ಇಂಟರ್ನೆಟ್‌ಗೆ ಕನೆಕ್ಟ್ ಆಗಿದ್ಯೋ ಅದು. ನಮ್ಮಲ್ಲಿ ಇದು ಶುರುವಾಗಿದ್ದು 2023 ಜುಲೈನಲ್ಲಿ.

ಈಗ ತುಮಕೂರು ಬಟವಾಡಿ ಕಡೆ ಒಂದು ಮನೆ ಅಂತ ಇಟ್ಕೊಳಿ. ಅಪ್ಪ ತಿಂಗ್ಳಿಗೆ 649 ಕಟ್ತಾರೆ, ನಾಲ್ಕು ಸ್ಕ್ರೀನ್. ಮಗ ಬೆಂಗ್ಳೂರಲ್ಲಿ ಪಿಜಿ, ಶನಿವಾರ ಟ್ರೈನ್ ಹತ್ಕೊಂಡು ಬಂದು ಭಾನುವಾರ ಸಂಜೆ ವಾಪಸ್. ಪಿಜಿ ಟಿವಿಲಿ ಲಾಗಿನ್ ಆದ್ರೆ 'ಈ ಟಿವಿ ನಿಮ್ಮ ಮನೇದಲ್ಲ' ಅಂತ ಬರುತ್ತೆ. ಟ್ರಾವೆಲ್ ಮಾಡ್ತಿದೀನಿ ಅಂತ ಒತ್ತಿದ್ರೆ ಒಂದು ಕೋಡ್ ಕಳಿಸ್ತಾರೆ, ಆದ್ರೆ ಅದು ಹೋಗೋದು ಅಕೌಂಟಲ್ಲಿರೋ ಇಮೇಲ್‌ಗೋ ನಂಬರ್‌ಗೋ, ಅಂದ್ರೆ ಅಪ್ಪನ ಫೋನಿಗೆ, 15 ನಿಮಿಷ ಆದ್ರೆ ಎಕ್ಸ್‌ಪೈರು. ಅಪ್ಪ ಅಂಗಡೀಲಿ ಗಿರಾಕಿ ಮಧ್ಯೆ ಇರ್ತಾರೆ, ಇವ್ನು 'ಅಪ್ಪಾ ಮೆಸೇಜ್ ಬಂತಾ ನೋಡು, ಬೇಗ' ಅಂತಾನೆ, ಅವ್ರು ಕನ್ನಡಕ ಹುಡುಕೋ ಅಷ್ಟರಲ್ಲಿ ಟೈಮ್ ಮುಗೀತು.

ಇನ್ನೊಂದು ವಿಷ್ಯ ಯಾರೂ ಗಮನಿಸಲ್ಲ. ಫೋನು ಲ್ಯಾಪ್‌ಟಾಪು ತಿಂಗ್ಳಿಗೊಂದ್ ಸಲ ಆದ್ರೂ ಮನೆ ವೈಫೈಲಿ ಆ್ಯಪ್ ಓಪನ್ ಮಾಡಿ ಅಂತ ಅವ್ರೇ ಹೇಳ್ತಾರೆ. ಹುಡುಗ ವಾರವಾರ ಮನೆಗೆ ಬರ್ತಾನೆ ನಿಜ, ಆದ್ರೆ ಅನ್‌ಲಿಮಿಟೆಡ್ 5ಜಿ ಇದ್ಯಲ್ಲ, ವೈಫೈ ಆನ್ ಮಾಡೋದೇ ಇಲ್ಲ! ಸೋಫಾ ಮೇಲೆ ಅಮ್ಮನ ಪಕ್ಕದಲ್ಲೇ ಕೂತಿದ್ರೂ ಆ ಫೋನು ಮನೆ ಇಂಟರ್ನೆಟ್‌ಗೆ ಕಾಣಿಸ್ಕೊಳ್ಳೋದೇ ಇಲ್ಲ.

ಅದೇ ಮಹಡಿ ಮೇಲಿನ ಬಾಡಿಗೆಯವ್ರಿಗೆ ವೈಫೈ ಪಾಸ್‌ವರ್ಡೂ ಲಾಗಿನ್ನೂ ಕೊಟ್ಟಿದ್ರೆ ಅವ್ರು ಆರಾಮಾಗಿ ನೋಡ್ಬೋದು, ಒಂದೇ ನೆಟ್‌ವರ್ಕ್ ಅಲ್ವಾ. ನಂಗೆ ಸಿಟ್ಟು ಬರೋದು ಇಲ್ಲೇ. ಪಾಸ್‌ವರ್ಡ್ ಊರಿಗೆಲ್ಲ ಹಂಚೋದನ್ನ ತಡೀಲಿ ಸ್ವಾಮಿ, ಯಾರ್ ಬೇಡ ಅಂದ್ರು, ಆದ್ರೆ ನಾಲ್ಕು ಸ್ಕ್ರೀನ್‌ಗೆ ದುಡ್ಡು ಇಸ್ಕೊಂಡ್ಮೇಲೆ ಒಟ್ಟಿಗೆ ಎಷ್ಟು ಸ್ಕ್ರೀನ್ ಓಡ್ತಿದೆ ಅಂತ ಎಣಿಸಿದ್ರೆ ಸಾಕಿತ್ತು, ಸ್ವಂತ ಮಗನ್ನ ಹೊರಗಿನವ್ನು ಮಾಡೋ ಈ ಲೆಕ್ಕ ಯಾಕೆ. 2017ರಲ್ಲಿ ಪಾಸ್‌ವರ್ಡ್ ಹಂಚ್ಕೊಳ್ಳೋದೇ ಪ್ರೀತಿ ಅಂತ ಟ್ವೀಟ್ ಹಾಕಿದ್ದೂ ಇವ್ರೇ, ಬಿಡಿ.

ಸದ್ಯಕ್ಕೆ ಮಾಡ್ಬೋದಾಗಿದ್ದು ಇಷ್ಟು: ಊರಿಗೆ ಬಂದಾಗ ವೈಫೈ ಆನ್ ಮಾಡಿ ಫೋನಲ್ಲಿ ಐದ್ ನಿಮಿಷ ಏನಾದ್ರೂ ಓಡಿಸಿ, ಪಿಜಿಗೆ ಹೋದ್ಮೇಲೆ ಅಲ್ಲಿನ ವೈಫೈಲೂ ಒಂದ್ ಸಲ ಓಪನ್ ಮಾಡಿ. ಅದೂ ಆಗ್ಲಿಲ್ಲ ಅಂದ್ರೆ ಅವ್ನ ಪ್ರೊಫೈಲನ್ನ ಬೇರೆ ಅಕೌಂಟ್‌ಗೆ ಟ್ರಾನ್ಸ್‌ಫರ್ ಮಾಡಿ, ನೋಡಿದ್ದ ಹಿಸ್ಟರಿ ಜೊತೆಗೇ ಹೋಗುತ್ತೆ, 149ರ ಮೊಬೈಲ್ ಪ್ಲಾನ್ ಹಾಕ್ಸಿ. ಆದ್ರೆ ಅದು ಫೋನು ಟ್ಯಾಬ್‌ಗೆ ಮಾತ್ರ, ಪಿಜಿ ಟಿವಿಲಿ ಬರಲ್ಲ.