ಅಕ್ಕನ ಎಡಗೈ ಬರಹ

ರಜೆ ಹಾಕಿ ಉಡುಪಿಗೆ ಹೋಗಿದ್ದಾಗ ಒಂದು ರಾತ್ರಿ ಅಕ್ಕ ಮಗನ ಲೆಕ್ಕದ ಪುಸ್ತಕ ಹರವಿಕೊಂಡು ಎಡಗೈಯಲ್ಲಿ ಬರೆಯುತ್ತಿದ್ದಳು. ಬಲಗೈಯಲ್ಲಿ ಬರೆದರೆ ಟೀಚರಿಗೆ ಗೊತ್ತಾಗುತ್ತದಂತೆ. ಮೂರನೇ ತರಗತಿಯ ಹುಡುಗ ಆಗಲೇ ಮಲಗಿದ್ದ. ನಾನು ನಕ್ಕೆ. "ನಿಮ್ಮ ಪುಣೆಯ ಹಾಗೆ ಮಕ್ಕಳನ್ನು ಅವರಷ್ಟಕ್ಕೆ ಬಿಡಲು ನಮಗೆ ಮನಸ್ಸು ಬರುವುದಿಲ್ಲ ಮಾರಾಯ" ಎಂದಳು. ಚುಚ್ಚಿತು.

ಬೆಳಿಗ್ಗೆ ಹುಡುಗನಿಗೆ 52ರಲ್ಲಿ 27 ಕಳೆಯಲು ಹೇಳಿದೆ. 35 ಎಂದ. ಪುಸ್ತಕದ ಹಳೆಯ ಪುಟದಲ್ಲಿ ಅದೇ ಲೆಕ್ಕಕ್ಕೆ 25 ಎಂಬ ಉತ್ತರವಿತ್ತು, ಪಕ್ಕದಲ್ಲಿ ಕೆಂಪು ಶಾಯಿಯ 'ಗುಡ್' ಕೂಡ. ಅವನು ಬಾಯಿಗೆ ಬಂದದ್ದನ್ನು ಹೇಳಿರಲಿಲ್ಲ. ಬಿಡಿ ಸ್ಥಾನದ ಎರಡರಲ್ಲಿ ಏಳು ಹೋಗುವುದಿಲ್ಲವೆಂದು ತಿರುಗಿಸಿ, ಏಳರಲ್ಲಿ ಎರಡು ಕಳೆದಿದ್ದ. ಈ ವಯಸ್ಸಿನಲ್ಲಿ ತೀರಾ ಸಾಮಾನ್ಯವಾದ ತಪ್ಪು ಇದು. ಮಗುವೇ ಬರೆದ 35 ಕಣ್ಣಿಗೆ ಬಿದ್ದಿದ್ದರೆ ಟೀಚರ್ ಹಿಡಿಯುತ್ತಿದ್ದರು. ಅಕ್ಕನ 25 ಅದನ್ನು ಮುಚ್ಚಿಹಾಕಿತು, ಪಾಠ ಮುಂದಕ್ಕೆ ಹೋಯಿತು. ನಾಳೆ ನೂರರ ಸ್ಥಾನದ ಲೆಕ್ಕ ಬಂದಾಗಲೂ ಅವನು ಹೀಗೆಯೇ ತಿರುಗಿಸುತ್ತಾನೆ.

ಪುಣೆಯಲ್ಲಿ ನನ್ನ ಮಗಳ ಟೀಚರ್ ಇಂಥದ್ದನ್ನು ನಿಭಾಯಿಸಿದ ರೀತಿ ನನಗೆ ಹಿಡಿಸಿತ್ತು. ಸಭೆಯಲ್ಲಿ ಎಲ್ಲರೆದುರು ಏನನ್ನೂ ಹೇಳಲಿಲ್ಲ. ನನ್ನ ಹೆಂಡತಿಯನ್ನು ಆಮೇಲೆ ಕರೆದು, "ನೀವು ದಿನವೂ ಜೊತೆಗೆ ಕೂರುವುದು ಕಾಣುತ್ತದೆ, ಅದು ಬೇಕು" ಎಂದು ಶುರುಮಾಡಿದರು. ಮನೆಯ ಪುಟವನ್ನೂ ತರಗತಿಯಲ್ಲಿ ಮಾಡಿಸಿದ ಪುಟವನ್ನೂ ಪಕ್ಕಪಕ್ಕ ಇಟ್ಟರು. ಬರೆದವರು ಯಾರು ಎಂದು ಕೇಳಲೇ ಇಲ್ಲ. "ಅವಳು ಎಲ್ಲಿ ನಿಲ್ಲುತ್ತಾಳೆಂದು ನನಗೆ ಗೊತ್ತಾಗಬೇಕು. ತಿಳಿಯದಿದ್ದರೆ ಖಾಲಿ ಬಿಡಲಿ, ಕೆಳಗೆ ನೀವು ಒಂದು ಸಾಲು ಬರೆದು ಸಹಿ ಹಾಕಿ, ನಾನು ಬಯ್ಯುವುದಿಲ್ಲ" ಎಂದರು. ಮನೆಗೂ ಒಂದು ಕೆಲಸ ಕೊಟ್ಟರು: ಉತ್ತರ ಹೇಳಬೇಡಿ, ಕಡ್ಡಿ ಕೊಡಿ.

ಅದನ್ನೇ ಅಕ್ಕನ ಮನೆಯಲ್ಲಿ ಹಿಡಿಸೂಡಿ ಕಡ್ಡಿಯಿಂದ ಮಾಡಿಸಿದೆ. ಹತ್ತರ ಐದು ಕಟ್ಟು, ಬಿಡಿ ಎರಡು. ಏಳು ಕೊಡು ಎಂದೆ. ಎರಡು ಕೊಟ್ಟು ಸುಮ್ಮನೆ ನಿಂತ. ಅಕ್ಕನ ಕೈ ಮುಂದೆ ಬರುತ್ತಿತ್ತು, ತಡೆದೆ. ಸ್ವಲ್ಪ ಹೊತ್ತಾದ ಮೇಲೆ ತಾನೇ ಒಂದು ಕಟ್ಟಿನ ದಾರ ಬಿಚ್ಚಿ ಇನ್ನೈದು ಕೊಟ್ಟ. ನಂತರ ಎರಡು ಕಟ್ಟು. ಉಳಿದದ್ದನ್ನು ಎಣಿಸಿ "ಇಪ್ಪತ್ತೈದು" ಎಂದ. ದಾರ ಬಿಚ್ಚುವ ಆ ಯೋಚನೆಯೇ ಕಲಿಕೆ. ಅಮ್ಮ ಬರೆದುಕೊಟ್ಟಾಗ ತಪ್ಪಿಹೋಗುವುದೂ ಅದೇ.

ಊರಿನವರಿಗೆ ಇದು ತಿಳಿಯುವುದೇ ಇಲ್ಲ ಎಂದು ಬರೆದು ಮುಗಿಸಬಹುದಿತ್ತು. ಆದರೆ ಅಕ್ಕನ ಕಡೆಯೂ ನ್ಯಾಯವಿದೆ, ಒಪ್ಪಲೇಬೇಕು. 2020ರ ಶಾಲಾ ಚೀಲ ನೀತಿಯಲ್ಲಿ ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡ, ಮೂರರಿಂದ ಐದರವರೆಗೆ ವಾರಕ್ಕೆ ಎರಡು ಗಂಟೆ ಮೀರಬಾರದು ಎಂದಿದೆ. ಇವನಿಗೆ ಒಂದೇ ಸಂಜೆಗೆ ನಾಲ್ಕು ಪುಟ. ಖಾಲಿ ಬಿಟ್ಟರೆ ಬೆಂಚಿನ ಮೇಲೆ ನಿಲ್ಲಿಸುತ್ತಾರೆಂಬ ಹೆದರಿಕೆ ಬೇರೆ. ಹಾಗಿರುವಾಗ ಖಾಲಿ ಪುಟಕ್ಕೆ ಸಹಿ ಹಾಕಿ ಎಂಬ ಮಾತು ಮೊದಲು ಶಾಲೆಯಿಂದಲೇ ಬರಬೇಕು.