ಪಿಂಚಣಿ ಖಾತೆಗೆ ಹೋಲ್ಡ್ ಹಾಕುವ ಮೊದಲು ಒಮ್ಮೆ ಖಾತೆ ತೆರೆದು ನೋಡಿ

ಕೋರ್ಟಿನಿಂದ ಜಪ್ತಿ ಆದೇಶ ಬಂದಾಗ ಬ್ಯಾಂಕಿನ ಒಳಗೆ ಏನು ನಡೆಯುತ್ತದೆ ಎಂದು ಹೇಳುವ ಅರ್ಹತೆ ನನಗಿದೆ. ಇಪ್ಪತ್ತೆಂಟು ವರ್ಷ ಕೌಂಟರಿನ ಆಚೆ ಕುಳಿತವನು ನಾನು. ಲಕೋಟೆ ಬರುತ್ತದೆ, ಮ್ಯಾನೇಜರ್ ಅದರ ಮೇಲೆ ಸಹಿ ಹಾಕಿ ಕಳಿಸುತ್ತಾರೆ, ನಾವು ಹೆಸರು ಹುಡುಕಿ, ಹಣ ತೆಗೆಯಲಾಗದಂತೆ ಖಾತೆಗೆ ಹೋಲ್ಡ್ ಹಾಕಿ ಮುಂದಿನ ಕೆಲಸಕ್ಕೆ ಹೋಗುತ್ತೇವೆ. ಆ ಖಾತೆಗೆ ಯಾವ ಹಣ ಬರುತ್ತದೆ ಎಂದು ನಾನು ಒಮ್ಮೆಯೂ ನೋಡಲಿಲ್ಲ. ನೋಡಿ ಎಂದು ಯಾರೂ ಹೇಳಲೂ ಇಲ್ಲ. ನಿವೃತ್ತನಾದ ಮೇಲೆ ಅದೇ ಹೋಲ್ಡ್ ನನ್ನ ಭಾವನ ಖಾತೆಗೆ ಬಿದ್ದಾಗ ನೋಡಿದೆ.

ಭಾವ ಸಹೋದ್ಯೋಗಿಯೊಬ್ಬರ ಸಾಲಕ್ಕೆ ಜಾಮೀನು ಹಾಕಿದ್ದರು. ಸಹೋದ್ಯೋಗಿ ಕಟ್ಟಲಿಲ್ಲ. ಸಾಲ ಕೊಟ್ಟ ಸಂಸ್ಥೆ ದಾವೆ ಹೂಡಿ ಇಬ್ಬರೂ 6,20,000 ರೂಪಾಯಿ ಕಟ್ಟಬೇಕೆಂಬ ಕೋರ್ಟಿನ ತೀರ್ಪು, ಅಂದರೆ ಡಿಕ್ರಿ, ಪಡೆಯಿತು. ಅಷ್ಟರಲ್ಲಿ ಭಾವ ನಿವೃತ್ತರಾಗಿ ಹದಿನಾಲ್ಕು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಎಟಿಎಂನಿಂದ ಹಣ ಬರಲಿಲ್ಲ. ಯಂತ್ರ ಕೆಟ್ಟಿದೆ ಎಂದುಕೊಂಡು ಇನ್ನೊಂದಕ್ಕೆ ಹೋದರು, ಅಲ್ಲೂ ಬರಲಿಲ್ಲ. ಶಾಖೆಯಲ್ಲಿ ಕೇಳಿದರೆ “ಕೋರ್ಟ್ ಆದೇಶ ಸರ್, ನಮ್ಮ ಕೈಯಲ್ಲಿಲ್ಲ” ಎಂಬ ಉತ್ತರ. ಆ ಮಾತನ್ನು ನಾನೂ ಎಷ್ಟೋ ಜನರಿಗೆ ಹೇಳಿದ್ದೇನೆ. ಅದು ಅರ್ಧ ಸತ್ಯ ಎಂದು ಈಗ ಗೊತ್ತಾಗಿದೆ.

ಕಾನೂನು ಏನು ಹೇಳುತ್ತದೆ ಎಂಬುದನ್ನು ಮೊದಲು ನೋಡೋಣ. ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 60, ಡಿಕ್ರಿ ವಸೂಲಿಗೆ ಸಾಲಗಾರನ ಏನನ್ನು ಜಪ್ತಿ ಮಾಡಬಹುದು, ಏನನ್ನು ಮುಟ್ಟಬಾರದು ಎಂದು ಹೇಳುವ ಕಲಂ. ಮುಟ್ಟಬಾರದ ಪಟ್ಟಿಯಲ್ಲಿ ಉಡುವ ಬಟ್ಟೆ, ಅಡುಗೆ ಪಾತ್ರೆಗಳ ಜೊತೆಗೆ ಪಿಂಚಣಿದಾರರಿಗೆ ಸಿಗುವ ಪಿಂಚಣಿ, ಗ್ರಾಚ್ಯುಟಿಗಳೂ ಇವೆ. ಇದು ಸರ್ಕಾರಿ ನೌಕರರಿಗೆ ಮಾತ್ರ ಎಂದು ಬಹಳ ಜನ ತಿಳಿದಿದ್ದಾರೆ. ಹಾಗಲ್ಲ, “ಬೇರೆ ಯಾವುದೇ ಉದ್ಯೋಗದಾತ” ಎಂಬ ಮಾತೂ ಅಲ್ಲಿದೆ. ಭವಿಷ್ಯ ನಿಧಿಗೆ ಇನ್ನೂ ಗಟ್ಟಿಯಾದ ರಕ್ಷಣೆ ಇದೆ. ಇಪಿಎಫ್ ಬಗ್ಗೆ ಕಾನೂನು ನೇರವಾಗಿ ಹೇಳುತ್ತದೆ: ಸದಸ್ಯನ ಹೆಸರಿನಲ್ಲಿರುವ ಮೊತ್ತವನ್ನು ಯಾವ ಸಾಲಕ್ಕೂ ಒತ್ತೆ ಇಡುವಂತಿಲ್ಲ, ಯಾವ ಡಿಕ್ರಿಗೂ ಜಪ್ತಿ ಮಾಡುವಂತಿಲ್ಲ. ಸದಸ್ಯ ತೀರಿಕೊಂಡರೆ ನಾಮಿನಿಗೆ ಹೋಗುವ ಆ ಹಣ ಸತ್ತವನ ಸಾಲದಿಂದಲೂ ಮುಕ್ತ. ಅಂಚೆ ಕಚೇರಿ ಅಥವಾ ಬ್ಯಾಂಕಿನಲ್ಲಿ ನಾವೇ ತೆರೆಯುವ ಪಿಪಿಎಫ್ ಖಾತೆಗೂ ಇಂಥದೇ ರಕ್ಷಣೆ ಇದೆ.

ನಿಧಿಯಲ್ಲಿ ಕುಳಿತಿರುವ ಹಣದ ಬಗ್ಗೆ ತಕರಾರು ಏಳುವುದು ಕಡಿಮೆ. ಅಲ್ಲಿಂದ ಹೊರಟು ನಮ್ಮ ಉಳಿತಾಯ ಖಾತೆಗೆ ಬಂದು ಬಿದ್ದ ಹಣದ ಗತಿ ಏನು ಎಂಬಲ್ಲಿ ಜಗಳ ಶುರುವಾಗುತ್ತದೆ.

1976ರಲ್ಲಿ ಜ್ಯೋತಿ ಚಿಟ್ ಫಂಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು, ನೌಕರನ ಕೈಗೆ ಸೇರುವವರೆಗೂ ಆ ಹಣ ಭವಿಷ್ಯ ನಿಧಿಯ ಗುಣವನ್ನು ಉಳಿಸಿಕೊಂಡಿರುತ್ತದೆ ಎಂದರು. ಸಾಲ ಕೊಟ್ಟವರ ವಕೀಲರು ಇದನ್ನು ತಿರುಗಿಸಿ ಹಿಡಿಯುತ್ತಾರೆ. ಕೈ ಸೇರುವವರೆಗೆ ತಾನೆ? ಬ್ಯಾಂಕಿಗೆ ಬಂದಿತೆಂದರೆ ಕೈ ಸೇರಿತು, ಇನ್ನು ಅದು ಬರೀ ಹಣ ಎಂಬುದು ಅವರ ವಾದ. ಈ ವಾದಕ್ಕೆ ಬಲವಾದ ಉತ್ತರ ಬಂದದ್ದು 2008ರಲ್ಲಿ, ರಾಧೇಶ್ಯಾಮ್ ಗುಪ್ತಾ ವಿರುದ್ಧ ಪಂಜಾಬ್ ನ್ಯಾಷನಲ್ ಬ್ಯಾಂಕ್ ಪ್ರಕರಣದಲ್ಲಿ. ಪಿಂಚಣಿ, ಗ್ರಾಚ್ಯುಟಿಯಂಥ ನಿವೃತ್ತಿ ಸೌಲಭ್ಯಗಳು ನಿವೃತ್ತನ ಕೈ ಸೇರಿದ ಮೇಲೂ ತಮ್ಮ ಗುಣ ಕಳೆದುಕೊಳ್ಳುವುದಿಲ್ಲ, ಕಲಂ 60ರ ರಕ್ಷಣೆ ಅವುಗಳ ಬೆನ್ನಿಗೇ ಇರುತ್ತದೆ ಎಂದು ಸುಪ್ರೀಂ ಕೋರ್ಟ್ ಹೇಳಿತು. ಅಲ್ಲಿ ಜಪ್ತಿಗೆ ಗುರಿಯಾಗಿದ್ದದ್ದು ನಿವೃತ್ತಿ ಹಣದಿಂದ ಮಾಡಿದ ನಿಶ್ಚಿತ ಠೇವಣಿ.

ತೀರ್ಪು ನಮ್ಮ ಕಡೆಗಿದೆ ಎಂದು ನಾನೂ ಭಾವನೂ ಖುಷಿಯಾಗಿ ವಕೀಲರ ಬಳಿ ಹೋದೆವು. ಅವರು ತೀರ್ಪಿನ ಸುದ್ದಿ ಎತ್ತಲೇ ಇಲ್ಲ. “ಖಾತೆ ಶುರುವಾದ ದಿನದಿಂದ ಇಲ್ಲಿಯವರೆಗಿನ ಸ್ಟೇಟ್‌ಮೆಂಟ್ ತನ್ನಿ, ಪಿಂಚಣಿ ಪಾವತಿ ಆದೇಶ ಅಂದರೆ ಪಿಪಿಒ ಪ್ರತಿ ತನ್ನಿ, ಜಪ್ತಿ ಆದೇಶದ ಪ್ರತಿಯನ್ನು ಬ್ಯಾಂಕಿನಿಂದ ಬರವಣಿಗೆಯಲ್ಲಿ ಕೇಳಿ ಪಡೆಯಿರಿ” ಎಂದರು. ಹಣ ರಕ್ಷಿತ ಎಂಬುದು ಕಾನೂನು, ಈ ಹಣವೇ ಆ ಹಣ ಎಂದು ತೋರಿಸುವುದು ನಮ್ಮ ಹೊಣೆ.

ಲೆಕ್ಕ ಹೀಗಿತ್ತು. ಹೋಲ್ಡ್ ಬಿದ್ದ ದಿನ ಉಳಿತಾಯ ಖಾತೆಯಲ್ಲಿ 1,86,000 ರೂಪಾಯಿ. ತಿಂಗಳಿಗೆ 27,400 ಪಿಂಚಣಿ ಬರುತ್ತಿತ್ತು. ಆದರೆ ಅದೇ ಖಾತೆಗೆ ಮಹಡಿ ಮನೆಯ ಬಾಡಿಗೆ ತಿಂಗಳಿಗೆ 6,000 ಬರುತ್ತಿತ್ತು, ಹಳೆಯ ಸ್ಕೂಟರ್ ಮಾರಿದ 22,000ವೂ ಬಿದ್ದಿತ್ತು. ಇದಲ್ಲದೆ ಗ್ರಾಚ್ಯುಟಿ ಬಂದ ಮೂರನೇ ದಿನ ಅದರಿಂದಲೇ ಮಾಡಿದ 5,00,000ದ ಠೇವಣಿ. ಠೇವಣಿಯ ವಿಷಯ ಸುಲಭ. ಗ್ರಾಚ್ಯುಟಿ ಜಮಾ ಆದ ಸಾಲಿನ ಕೆಳಗೇ ಠೇವಣಿಗೆ ಹೋದ ಸಾಲು ಇತ್ತು, ನಡುವೆ ಬೇರೇನೂ ಬೆರೆತಿರಲಿಲ್ಲ. ಉಳಿತಾಯ ಖಾತೆಯದೇ ತಲೆನೋವು. ಹದಿನಾಲ್ಕು ತಿಂಗಳಲ್ಲಿ ದಿನಸಿಗೆ, ಔಷಧಿಗೆ ತೆಗೆದದ್ದು ಪಿಂಚಣಿಯೋ ಬಾಡಿಗೆಯೋ? ನೋಟಿನ ಮೇಲೆ ಬರೆದಿರುವುದಿಲ್ಲ.

ವಕೀಲರು ಜಾಣತನ ಮಾಡಿದರು. ಪಿಂಚಣಿಯಲ್ಲದ ಅಷ್ಟೂ ಹಣ ಖರ್ಚೇ ಆಗದೆ ಖಾತೆಯಲ್ಲಿ ಉಳಿದಿದೆ ಎಂದು ತಾವೇ ಒಪ್ಪಿಬಿಟ್ಟರು. ಬಾಡಿಗೆ ಹದಿನಾಲ್ಕು ತಿಂಗಳಿಗೆ 84,000, ಸ್ಕೂಟರಿನದು 22,000, ಒಟ್ಟು 1,06,000. ಅದನ್ನು ಡಿಕ್ರಿದಾರ ತೆಗೆದುಕೊಳ್ಳಲಿ, ಉಳಿದ 80,000 ಪಿಂಚಣಿಯಲ್ಲದೆ ಬೇರೆಯಾಗಿರಲು ಸಾಧ್ಯವೇ ಇಲ್ಲ ಎಂಬುದು ವಾದ. ನನ್ನ ಸಂಕಟಕ್ಕೆ ಅದು ದಾನ ಮಾಡಿದಂತೆ ಕಂಡಿತು. ಆದರೆ ಎದುರು ಪಕ್ಷದವರಿಗೆ ಕೆದಕಲು ಏನೂ ಉಳಿಯಲಿಲ್ಲ.

ಇನ್ನೊಂದು ತಪ್ಪು ಕಣ್ಣಿಗೆ ಬಿದ್ದದ್ದು ಆದೇಶದ ಪ್ರತಿ ಕೈಗೆ ಬಂದ ಮೇಲೆ. ಆದೇಶ ತಲುಪಿದ ದಿನ ಖಾತೆಯಲ್ಲಿದ್ದ ಹಣದ ಜಪ್ತಿ ಎಂದು ಕೋರ್ಟ್ ಬರೆದಿತ್ತು. ಬ್ಯಾಂಕ್ ಮಾಡಿದ್ದು ಖಾತೆಗೆ ಪೂರ್ಣ ಡೆಬಿಟ್ ತಡೆ. ಹಾಗಾಗಿ ಆಮೇಲೆ ಬಂದ ಪ್ರತಿ ತಿಂಗಳ ಪಿಂಚಣಿಯೂ ಒಳಗೆ ಹೋಗಿ ಸಿಕ್ಕಿಕೊಳ್ಳುತ್ತಿತ್ತು. ಮೊತ್ತಕ್ಕೆ ಹೋಲ್ಡ್ ಹಾಕುವುದು ಬೇರೆ, ಖಾತೆಗೇ ತಡೆ ಹಾಕುವುದು ಬೇರೆ. ಎರಡಕ್ಕೂ ಕಂಪ್ಯೂಟರಿನಲ್ಲಿ ಬೇರೆ ಬೇರೆ ಆಯ್ಕೆಗಳಿರುತ್ತವೆ, ಎರಡನೆಯದು ಬೇಗ ಆಗುತ್ತದೆ. ಅವಸರದಲ್ಲಿ ನಾನೂ ಅದನ್ನೇ ಒತ್ತಿದ್ದೇನೆ. ಇದನ್ನು ಓದುತ್ತಿರುವವರಲ್ಲಿ ಯಾರದಾದರೂ ಖಾತೆ ಹೀಗೆ ನಿಂತಿದ್ದರೆ, ಮೊದಲು ಕೇಳಬೇಕಾದ ಪ್ರಶ್ನೆ ಇದೇ.

ಅರ್ಜಿ ಹಾಕಿದ್ದು ಹೊಸ ದಾವೆಯಾಗಿ ಅಲ್ಲ, ಅಮಲ್ಜಾರಿ ನಡೆಯುತ್ತಿದ್ದ ಅದೇ ಕೋರ್ಟಿನಲ್ಲಿ. ಡಿಕ್ರಿಯ ಅಮಲಿಗೆ ಸಂಬಂಧಿಸಿ ಪಕ್ಷಗಾರರ ನಡುವೆ ಏಳುವ ಪ್ರಶ್ನೆಗಳನ್ನು ಅಲ್ಲೇ ತೀರ್ಮಾನಿಸಬೇಕು ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ ಕಲಂ 47 ಹೇಳುತ್ತದೆ. ಡಿಕ್ರಿದಾರರು ಒಂದು ಕಾಗದ ಮುಂದಿಟ್ಟರು. ಜಾಮೀನು ಪತ್ರದಲ್ಲಿ “ನನ್ನ ಪಿಂಚಣಿ, ಗ್ರಾಚ್ಯುಟಿಯಿಂದಲೂ ವಸೂಲು ಮಾಡಲು ಒಪ್ಪಿದ್ದೇನೆ” ಎಂಬ ಸಾಲಿನ ಕೆಳಗೆ ಭಾವನ ಸಹಿ ಇತ್ತು. ಭಾವನ ಮುಖ ಇಳಿದುಹೋಯಿತು. ಅದೇ ಕಲಂ 60ರ ಒಳಗೆ (1ಎ) ಎಂಬ ಉಪಕಲಂ ಇದೆ. ಈ ರಕ್ಷಣೆಯನ್ನು ಬಿಟ್ಟುಕೊಡುತ್ತೇನೆ ಎಂದು ಯಾರಾದರೂ ಒಪ್ಪಂದ ಮಾಡಿಕೊಂಡರೆ ಆ ಒಪ್ಪಂದವೇ ಅಸಿಂಧು. ಸಣ್ಣ ಅಕ್ಷರದ ಫಾರಂಗಳಿಗೆ ಸಹಿ ಹಾಕಿದ ಎಲ್ಲರಿಗೂ ಇದು ಗೊತ್ತಿರಬೇಕು.

ಹಾಗೆಂದು ನಿವೃತ್ತನ ಹಣವನ್ನು ಯಾರೂ ಎಂದೂ ಮುಟ್ಟುವಂತಿಲ್ಲ ಎಂದುಕೊಳ್ಳಬೇಡಿ. ಪಿಎಫ್ ಹಣದಲ್ಲಿ ನಿವೇಶನ ಕೊಂಡರೆ ಅದು ಬರೀ ನಿವೇಶನ, ಜಪ್ತಿಯಾಗಬಹುದು. ಪಿಂಚಣಿ ತೋರಿಸಿ ನೀವೇ ಸಾಲ ಪಡೆದು ಕಂತು ಕಡಿದುಕೊಳ್ಳಲು ಹೇಳಿದ್ದರೆ ಅದು ಜಪ್ತಿಯ ಮಾತಲ್ಲ. ಹೆಂಡತಿಯ ಜೀವನಾಂಶದ ವಿಷಯದಲ್ಲಿ ಪಿಂಚಣಿಯನ್ನು ಜಪ್ತಿ ಮಾಡಬಹುದು ಎಂದು ಬಾಂಬೆ ಹೈಕೋರ್ಟ್ ಹೇಳಿದೆ, ನನಗೆ ಅದು ಸರಿ ಎನಿಸುತ್ತದೆ. ಮನೆಯವರ ಹೊಟ್ಟೆಗೆಂದು ಇರುವ ಹಣವನ್ನು ಮನೆಯವರಿಂದಲೇ ಕಾಪಾಡುವುದರಲ್ಲಿ ಅರ್ಥವಿಲ್ಲ.

ನನ್ನ ತಕರಾರು ಸಾಲ ಕೊಟ್ಟವರ ಮೇಲಲ್ಲ. ಭಾವ ಸಹಿ ಹಾಕಿದ್ದು ನಿಜ, ಕೊಡಬೇಕಾದದ್ದೂ ನಿಜ. ನನ್ನ ತಕರಾರು ನಮ್ಮ ವ್ಯವಸ್ಥೆಯ ಅನುಕ್ರಮದ ಮೇಲೆ. ಹಣ ಮೊದಲು ನಿಲ್ಲುತ್ತದೆ, ಅದು ಮುಟ್ಟಬಾರದ ಹಣ ಎಂಬ ವಿಚಾರಣೆ ಆಮೇಲೆ. ಭಾವನ ವಿಷಯದಲ್ಲಿ ಆ “ಆಮೇಲೆ” ಐದು ತಿಂಗಳು ಎಳೆಯಿತು. ಪಿಂಚಣಿಯೊಂದನ್ನೇ ನಂಬಿದವರಿಗೆ ಐದು ತಿಂಗಳ ಊಟ ಎಲ್ಲಿಂದ ಬರಬೇಕು? ಭಾವನಿಗೆ ನಾನಿದ್ದೆ.

ಬ್ಯಾಂಕಿಗೆ ಬಾಯಿ ಇಲ್ಲವೆಂದೂ ಅಲ್ಲ. ಸಾಲಗಾರನ ಹಣ ಇಟ್ಟುಕೊಂಡಿರುವ ಮೂರನೆಯವರಿಗೆ ಕೋರ್ಟ್ ಕಳಿಸುವ ಗಾರ್ನಿಶೀ ನೋಟಿಸು, ಅದೇ ಸಂಹಿತೆಯ ಆದೇಶ 21ರ ನಿಯಮ 46ಎ ಪ್ರಕಾರ, ಹಣ ಕಟ್ಟಿ ಇಲ್ಲವೇ ಹಾಜರಾಗಿ ಕಾರಣ ತೋರಿಸಿ ಎಂದು ಕೇಳುತ್ತದೆ. “ಇದು ಪಿಂಚಣಿ ಖಾತೆ, ಪ್ರತಿ ತಿಂಗಳ ಜಮಾ ಪಿಂಚಣಿಯದು” ಎಂದು ಬ್ಯಾಂಕ್ ಒಂದು ಸಾಲು ಬರೆದರೆ ಸಾಕು, ಮೊದಲ ದಿನವೇ ನ್ಯಾಯಾಧೀಶರ ಗಮನಕ್ಕೆ ಬರುತ್ತದೆ. ನನ್ನ ಇಪ್ಪತ್ತೆಂಟು ವರ್ಷದಲ್ಲಿ ನಮ್ಮ ಶಾಖೆ ಅಂಥ ಒಂದು ಸಾಲನ್ನೂ ಬರೆದದ್ದು ನೆನಪಿಲ್ಲ.

ಅಮೆರಿಕದಲ್ಲಿ 2011ರ ಮೇ ತಿಂಗಳಿನಿಂದ ಇದನ್ನು ಬ್ಯಾಂಕಿನ ಮರ್ಜಿಗೆ ಬಿಟ್ಟಿಲ್ಲ. ಜಪ್ತಿ ಆದೇಶ ಬಂದ ಕೂಡಲೇ ಬ್ಯಾಂಕ್ ಹಿಂದಿನ ಎರಡು ತಿಂಗಳ ಜಮಾಗಳನ್ನು ನೋಡಬೇಕು. ಸಾಮಾಜಿಕ ಭದ್ರತೆಯ ಪಿಂಚಣಿಯಂಥ ಕೇಂದ್ರ ಸರ್ಕಾರದ ಹಣ ನೇರವಾಗಿ ಬಂದಿದ್ದರೆ ಅಷ್ಟು ಮೊತ್ತವನ್ನು, ಖಾತೆಯಲ್ಲಿ ಉಳಿದಿರುವ ಮಟ್ಟಿಗೆ, ಖಾತೆದಾರನ ಬಳಕೆಗೆ ಬಿಡಲೇಬೇಕು. ಖಾತೆದಾರ ಅರ್ಜಿ ಹಾಕಬೇಕಿಲ್ಲ, ವಕೀಲರನ್ನು ಹಿಡಿಯಬೇಕಿಲ್ಲ. ಅದೇ ನಿಯಮ ಇಲ್ಲಿದ್ದಿದ್ದರೆ ಭಾವನ 54,800 ರೂಪಾಯಿ ಮೊದಲ ದಿನವೇ ಅವರ ಕೈಯಲ್ಲಿರುತ್ತಿತ್ತು. ಉಳಿದದ್ದಕ್ಕೆ ಎಷ್ಟು ತಿಂಗಳಾದರೂ ವಾದಿಸಬಹುದಿತ್ತು. ಪಿಂಚಣಿಯ ಜಮಾ ಯಾವುದು ಎಂದು ಗುರುತಿಸುವುದು ನಮ್ಮ ಬ್ಯಾಂಕುಗಳಿಗೆ ಕಷ್ಟವೇನಲ್ಲ, ನವೆಂಬರ್ ಬಂದರೆ ಜೀವಂತ ಪ್ರಮಾಣಪತ್ರ ಕೊಡಿ ಎಂದು ತಪ್ಪದೆ ನೆನಪಿಸುವುದು ಇದೇ ಬ್ಯಾಂಕುಗಳು.

ಅಂಥ ನಿಯಮ ಬರುವವರೆಗೆ ನಾನು ಭಾವನಿಗೆ ಮಾಡಿಸಿಕೊಟ್ಟದ್ದು ಇಷ್ಟೇ. ಪಿಂಚಣಿಗೊಂದು ಖಾತೆ, ಬಾಡಿಗೆ ಮತ್ತಿತರ ಹಣಕ್ಕೆ ಇನ್ನೊಂದು. ಗ್ರಾಚ್ಯುಟಿ ಠೇವಣಿ ಮಾಗಿದಾಗ ಹಣ ಉಳಿತಾಯ ಖಾತೆಗೆ ಬಂದು ಬೆರೆಯದೆ ನೇರ ನವೀಕರಣವಾಗುತ್ತದೆ. ಹಳೆಯ ರಸೀದಿಗಳೆಲ್ಲ ಪಿಪಿಒ ಜೊತೆ ಒಂದೇ ಫೈಲಿನಲ್ಲಿವೆ.

ಕೋರ್ಟ್ ಠೇವಣಿಯನ್ನೂ 80,000ವನ್ನೂ ತಡೆ ಬಿದ್ದ ಮೇಲೆ ಬಂದ ಐದು ತಿಂಗಳ ಪಿಂಚಣಿ 1,37,000ವನ್ನೂ ಬಿಡುಗಡೆ ಮಾಡಿತು. 1,06,000 ಡಿಕ್ರಿದಾರರಿಗೆ ಹೋಯಿತು, ಉಳಿದದ್ದನ್ನು ಅವರು ಸಹೋದ್ಯೋಗಿಯಿಂದ ವಸೂಲು ಮಾಡುತ್ತಿದ್ದಾರೆ. ಆದೇಶದ ಪ್ರಮಾಣಿತ ಪ್ರತಿ ಹಿಡಿದು ಭಾವನ ಜೊತೆ ನಾನೇ ಶಾಖೆಗೆ ಹೋಗಿದ್ದೆ. ಕೌಂಟರಿನ ಹುಡುಗಿ ಓದಿದಳು, ಮ್ಯಾನೇಜರ್ ಒಳಗಿನಿಂದಲೇ ತಲೆಯಾಡಿಸಿದರು, ಅವಳು ಎರಡು ಕೀಲಿ ಒತ್ತಿ “ಆಯ್ತು ಅಂಕಲ್” ಎಂದಳು. ಗೋಡೆಯ ಗಡಿಯಾರ ನೋಡಿದೆ, ಒಂದು ನಿಮಿಷವೂ ಆಗಿರಲಿಲ್ಲ.