ಮಾಡಿದ್ದು ಯಾರೂ ಅಲ್ಲ, ಆಗಿದ್ದು ಮಾತ್ರ ನಿಜ

ಕರ್ತರಿ ಪ್ರಯೋಗ, ಕರ್ಮಣಿ ಪ್ರಯೋಗ ಅಂತ ಶಾಲೆಯಲ್ಲಿ ಕಲಿಸುವಾಗ ಇದೆಲ್ಲ ಯಾಕೆ ಬೇಕು ಅನ್ನಿಸುತ್ತಿತ್ತು. ಕಂಪನಿ ಮುಖ್ಯಸ್ಥರ ಪ್ರಕಟಣೆ ಓದುವುದಕ್ಕೆ ಅಂತ ಈಗ ಗೊತ್ತಾಗಿದೆ. "ನಾವು ಕೆಡಿಸಿದೆವು" ಅಂತ ಅವರು ಬರೆಯುವುದಿಲ್ಲ. "ಸಮಸ್ಯೆಯನ್ನು ಗುರುತಿಸಲಾಗಿದೆ" ಅಂತಾರೆ. ಸಮಸ್ಯೆ ತಾನೇ ನಡೆದು ಬಂದು ಕೂತಿತ್ತು, ಇವರು ಗುರುತು ಹಿಡಿದರು, ಅಷ್ಟೇ.

2024ರ ಜುಲೈ 19 ನೆನಪಿದೆ ಅಲ್ವಾ? ಕಂಪ್ಯೂಟರ್‌ಗಳನ್ನು ದಾಳಿಯಿಂದ ಕಾಯುವ ಕ್ರೌಡ್‌ಸ್ಟ್ರೈಕ್ ಕಂಪನಿ ಒಂದು ಅಪ್‌ಡೇಟ್ ಕಳಿಸಿತು. ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ಹೊದ್ದು ಮಲಗಿದವು. ಮುಖ್ಯಸ್ಥ ಜಾರ್ಜ್ ಕರ್ಟ್ಜ್ ಎಕ್ಸ್‌ನಲ್ಲಿ ಹೇಳಿಕೆ ಕೊಟ್ಟರು. ಮ್ಯಾಕ್, ಲಿನಕ್ಸ್‌ಗೆ ಏನೂ ಆಗಿಲ್ಲ ಎಂಬ ಸಿಹಿ ಸುದ್ದಿ ಅದರಲ್ಲಿತ್ತು. ಇದು ಸೈಬರ್ ದಾಳಿಯಲ್ಲ ಎಂಬ ಸಮಾಧಾನವೂ ಇತ್ತು. ಹೌದು, ಹೊರಗಿನವರು ಯಾರೂ ದಾಳಿ ಮಾಡಿರಲಿಲ್ಲ. "ಕ್ಷಮಿಸಿ" ಎಂಬ ಪದ ಮಾತ್ರ ಇರಲಿಲ್ಲ. ಅದು ಆಮೇಲೆ ಟಿವಿಯಲ್ಲಿ ಬಂತು.

ಅದೇ ಹೇಳಿಕೆಯಲ್ಲಿ "ಪರಿಹಾರ ಕಳಿಸಲಾಗಿದೆ" ಎಂದೂ ಇತ್ತು. ಸುಳ್ಳಲ್ಲ. ಕೆಟ್ಟ ಫೈಲನ್ನು 78 ನಿಮಿಷದಲ್ಲೇ ಹಿಂದಕ್ಕೆ ಪಡೆದಿದ್ದರು. ಆದರೆ ಅಷ್ಟರಲ್ಲಿ ಅದನ್ನು ನುಂಗಿದ್ದ ಯಂತ್ರ ಆನ್ ಆಗುತ್ತಿತ್ತು, ಸಾಯುತ್ತಿತ್ತು, ಮತ್ತೆ ಆನ್ ಆಗುತ್ತಿತ್ತು. ಪರಿಹಾರ ಇಳಿಸಿಕೊಳ್ಳುವಷ್ಟು ಹೊತ್ತು ಬದುಕಿದ್ದರೆ ತಾನೆ? ಬಾವಿಗೆ ಬಿದ್ದವನಿಗೆ "ಹಗ್ಗ ಮೇಲಿಟ್ಟಿದ್ದೇವೆ, ಬಂದು ತಗೊಳ್ಳಿ" ಅಂದ ಹಾಗೆ. ಕೊನೆಗೆ ಬಹಳಷ್ಟು ಕಡೆ ಮನುಷ್ಯರೇ ಒಂದೊಂದು ಯಂತ್ರದ ಮುಂದೆ ಕೂತು, ಸೇಫ್ ಮೋಡ್‌ಗೆ ಹೋಗಿ, `C-00000291*.sys` ಎಂಬ ಫೈಲ್ ಅಳಿಸಬೇಕಾಯಿತು. ಡಿಸ್ಕ್‌ಗೆ ಬಿಟ್‌ಲಾಕರ್ ಬೀಗ ಹಾಕಿದ್ದರೆ ಅದಕ್ಕೂ ಮೊದಲು 48 ಅಂಕಿಗಳ ಕೀ ಟೈಪ್ ಮಾಡಬೇಕು. ಪ್ರಕಟಣೆಯಲ್ಲಿ ಆ ಬೆರಳುಗಳಿಗೆ ಜಾಗ ಇರಲಿಲ್ಲ.

ಕಾರಣದ ವರದಿ ಆಮೇಲೆ ಬಂತು. ಹೊಸ ಫೈಲ್ 21ನೇ ಮಾಹಿತಿ ಕೇಳಿತು, ಸಾಫ್ಟ್‌ವೇರ್ ಹತ್ತಿರ ಇದ್ದದ್ದು 20. ಇಲ್ಲದ ಜಾಗಕ್ಕೆ ಕೈ ಹಾಕಿತು, ವಿಂಡೋಸ್ ಕುಸಿಯಿತು. ಇದನ್ನು ಹಿಡಿಯಬೇಕಿದ್ದ ಪರೀಕ್ಷಕ ಸಾಫ್ಟ್‌ವೇರ್ ಪಾಸ್ ಮಾಡಿ ಕಳಿಸಿತ್ತು, ಯಾಕಂದ್ರೆ ಅದರಲ್ಲೂ ದೋಷವಿತ್ತು. ಮುಂದಿನ ಕ್ರಮ ಏನಪ್ಪಾ ಅಂದರೆ, ಇಂಥ ಫೈಲನ್ನೂ ಇನ್ನು ಹಂತ ಹಂತವಾಗಿ ಕಳಿಸುತ್ತಾರಂತೆ. ಮೊದಲು ಕೆಲವು ಯಂತ್ರಕ್ಕೆ, ಅವು ಬದುಕಿದ್ದರೆ ಉಳಿದವಕ್ಕೆ. ಇಷ್ಟು ಹೊಳೆಯಲು 85 ಲಕ್ಷ ಯಂತ್ರ ಬೇಕಾಯಿತು.

ರಾತ್ರಿಯೆಲ್ಲ ದುಡಿದ ಪಾಲುದಾರರಿಗೆ ಕೃತಜ್ಞತೆಯೂ ಬಂತು: 10 ಡಾಲರ್‌ನ ಊಬರ್ ಈಟ್ಸ್ ಕೂಪನ್. ಹಾಕಿ ನೋಡಿದ ಕೆಲವರಿಗೆ ಅದು ರದ್ದಾಗಿದೆ ಎಂಬ ಉತ್ತರ ಸಿಕ್ಕಿತು. ತುಂಬಾ ಜನ ಒಟ್ಟಿಗೆ ಬಳಸಿದ್ದರಿಂದ ಊಬರ್‌ಗೆ ಇದು ಮೋಸ ಇರಬೇಕು ಅನ್ನಿಸಿ ತಡೆದಿತ್ತು. ಇಡೀ ಪ್ರಕರಣದಲ್ಲಿ ಸರಿಯಾದ ಹೊತ್ತಿಗೆ ಅನುಮಾನಪಟ್ಟ ಸಾಫ್ಟ್‌ವೇರ್ ಅದೊಂದೇ.